ನೀಲಿ ಬಟನ್ನು

ನಮ್ಮ ಯಜಮಾನರು ಮಿಕ್ಸಿ, ಫ್ಯಾನು ರಿಪೇರಿ ಮಾಡೋರು. ಎಂಥ ಮೆಷಿನ್ ಕೊಟ್ಟರೂ ಮೊದಲು ಕೈ ಹಾಕೋದು, ಆಮೇಲೆ ಯೋಚನೆ. ಆತುರಗಾರನಿಗೆ ಬುದ್ಧಿ ಮಟ್ಟ ಅಂತ ನಾನು ಮದುವೆಯಾದಾಗಿಂದ ಹೇಳ್ತಾನೇ ಇದ್ದೀನಿ. ಮಿಕ್ಸಿ ಸುಟ್ಟರೆ ಇನ್ನೊಂದು ತಗೋಬಹುದು, ಅದಕ್ಕೇ ನಕ್ಕು ಸುಮ್ಮನಾಗ್ತಿದ್ದೆ. ಈ ಸಲ ನಗೋ ಹಾಗಿರಲಿಲ್ಲ.

ನಿನ್ನೆ ನಮ್ಮತ್ತೆ ಬಚ್ಚಲುಮನೆಯಲ್ಲಿ ಕಣ್ಣು ಕತ್ತಲೆ ಬಂದು ಬಿದ್ದರು. ಹೀಗಾಗಿದ್ದು ಮೊದಲ ಸಲವಲ್ಲ. ಡಾಕ್ಟರ ಮುಂದೆ ಕೂತಾಗ ಮಾತ್ರ ಎಲ್ಲ ನೆಟ್ಟಗಿರುತ್ತೆ, ಇಸಿಜಿನೂ ಸರಿಯಾಗೇ ಬರುತ್ತೆ. ಇವತ್ತು ಡಾಕ್ಟರು ಅತ್ತೆಯ ಮಣಿಕಟ್ಟಿನ ಬ್ಯಾಂಡ್ ನೋಡಿ, "ಇದು ನಾಡಿ ಬಡಿತ ಅಳೀತಾ ಇರುತ್ತೆ. ಫೋನಿಗೆ ಸಿಗದಿದ್ರೂ ಕೆಲವು ದಿನದ್ದು ಇದರೊಳಗೇ ಉಳಿದಿರುತ್ತೆ. ಬಿದ್ದ ಹೊತ್ತಲ್ಲಿ ಬಡಿತ ತೀರಾ ಇಳಿದಿದ್ರೆ ಕಾಯೋದು ಬೇಡ, ದೊಡ್ಡಾಸ್ಪತ್ರೆಗೆ ಕಳಿಸ್ತೀನಿ. ಆ ಗ್ರಾಫ್ ತೋರಿಸಿ," ಅಂದರು.

ತೊಂದರೆ ಏನಪ್ಪಾ ಅಂದ್ರೆ, ಬ್ಯಾಂಡಿಗೆ ಜೋಡಿಸಿದ್ದ ಯಜಮಾನರ ಹಳೇ ಫೋನು ಹೋದ ವಾರ ನೀರಿನ ಬಕೆಟ್ಟಿಗೆ ಬಿದ್ದು ಸತ್ತಿತ್ತು. ಹೊಸ ಫೋನಿಗೆ ಬ್ಯಾಂಡಿನ ಆ್ಯಪ್ ಹಾಕಿದರೆ, ಒಂದಕ್ಷರ ತಿಳಿಯೋದಿಲ್ಲ. ಹಳೇ ಫೋನಲ್ಲಿ ಇಂಗ್ಲಿಷಲ್ಲಿ ಬರ್ತಿತ್ತು. ಇದರಲ್ಲಿ ಕಡ್ಡಿ ಜೋಡಿಸಿದ ಹಾಗೆ ಅದ್ಯಾವುದೋ ಲಿಪಿ. ಫೋನಿನ ಭಾಷೆ ಬದಲಾಯಿಸಿ ನೋಡಿದೆವು, ಆ್ಯಪ್ ಮಾತ್ರ ತನ್ನ ಭಾಷೆ ಬಿಡಲಿಲ್ಲ. ಯಾವುದೋ ಹೆಸರಿಲ್ಲದ ಕಂಪನಿ ಬ್ಯಾಂಡು, ಕೇಳೋಕೆ ಯಾರಿದ್ದಾರೆ.

ಯಜಮಾನರು ತಮ್ಮ ಅಂಗಡಿಯ ಮೇಜಿನ ಮೇಲೆ ಬಿಚ್ಚಿಟ್ಟಿದ್ದ ಫ್ಯಾನು ಪಕ್ಕಕ್ಕೆ ಸರಿಸಿ ಕೂತರು. ಅತ್ತೆ ಸ್ಟೂಲಿನ ಮೇಲೆ ಕೂತು ಕೈ ಚಾಚಿದರು, ಬಳೆ ತೊಡಿಸಿಕೊಳ್ಳೋರ ಹಾಗೆ.

"ಏನಿಲ್ಲ ಕಣೇ," ಅಂದರು ಯಜಮಾನರು. "ಬ್ಲೂಟೂತ್ ಆನ್ ಮಾಡಿದೀನಿ. ಎಲ್ಲಾ ಕಡೆ ಒಂದೇ ಲೆಕ್ಕ. ಬೂದಿ ಬಣ್ಣದ ಬಟನ್ ಅಂದ್ರೆ ಬೇಡ, ನೀಲಿದು ಅಂದ್ರೆ ಹೂಂ."

ನೀಲಿ ಒತ್ತಿದರು, ಮುಂದಿನ ಪರದೆ ಬಂತು. ಮತ್ತೆ ನೀಲಿ. ಬ್ಯಾಂಡಿನ ಚಿತ್ರ ಬಂತು, ಸುತ್ತ ಉಂಗುರ ತಿರುಗಿತು. ಬ್ಯಾಂಡ್ ಸಿಕ್ಕಿತು. ಅವರ ಮುಖ ನೋಡಬೇಕಿತ್ತು, ಪಂದ್ಯ ಗೆದ್ದ ಹುಂಜದ ಹಾಗೆ. ಅಷ್ಟರಲ್ಲಿ ಪರದೆ ಮೇಲೆ ಹೊಸದೊಂದು ಚೌಕ ಬಂತು. ಇದರಲ್ಲಿ ಬರಹ ಜಾಸ್ತಿ, ಎರಡು ಮೂರು ಸಾಲು.

"ರೀ, ತಡೀರಿ," ಅಂದೆ. "ಇದು ಬೇರೆ ಥರ ಇದೆ. ನನ್ನ ಫೋನಲ್ಲಿ ಫೋಟೋ ಹಿಡಿದ್ರೆ ಕನ್ನಡ ಮಾಡಿ ತೋರಿಸುತ್ತೆ."

ಫೋಟೋ ಹಿಡಿದೆ. ನನ್ನ ಫೋನಲ್ಲಿ ನೆಟ್ಟು ಆಮೆ, ತಿರುಗ್ತಾ ಕೂತಿತು.

"ಅಷ್ಟು ಹೊತ್ತಿಗೆ ಡಾಕ್ಟರು ಮನೆಗೆ ಹೋಗಿರ್ತಾರೆ," ಅಂತ ಅವರು ನೀಲಿ ಒತ್ತಿದರು. ಬ್ಯಾಂಡ್ ಗುಂಯ್ ಅಂತ ನಡುಗಿ, ಅದರ ಮೇಲೊಂದು ಸರಿ ಗುರುತು ಬಂತು. "ಅಮ್ಮಾ, ಅದನ್ನ ಮುಟ್ಟಮ್ಮ." ಅತ್ತೆ ಮಗ ಹೇಳಿದ ಹಾಗೆ ಮುಟ್ಟಿದರು.

ಆಮೇಲೆ ನನ್ನ ಫೋನಲ್ಲಿ ಕನ್ನಡ ಬಂತು. ಹರಕು ಮುರುಕು ಕನ್ನಡ, ಬ್ಯಾಂಡಿಗೆ ಪಟ್ಟಿ ಅಂದಿತ್ತು, ಆದರೆ ಅರ್ಥ ಆಗೋಕೆ ಅಷ್ಟು ಸಾಕಾಗಿತ್ತು. 'ಈ ಪಟ್ಟಿ ಬೇರೆ ಫೋನಿಗೆ ಕಟ್ಟಿದೆ. ಹೊಸದಾಗಿ ಕಟ್ಟಲು ಪಟ್ಟಿಯೊಳಗಿನ ಎಲ್ಲಾ ದಾಖಲೆ ಅಳಿಸಲ್ಪಡುತ್ತದೆ. ಮುಂದುವರಿಸುವುದೇ?'

ನಾನು ಓದಿ ಹೇಳಿದೆ. ಬ್ಯಾಂಡ್ ಆರಿ ಮತ್ತೆ ಹತ್ತಿತು. ಆ್ಯಪಿನಲ್ಲಿ ಹೃದಯದ ಚಿತ್ರ ಒತ್ತಿದರೆ ಖಾಲಿ ಗೆರೆ. ನಿನ್ನೆಗೆ ಹೋದರೂ ಖಾಲಿ, ಮೊನ್ನೆಗೆ ಹೋದರೂ ಖಾಲಿ. ನನಗೆ ಬಂದ ಸಿಟ್ಟಿಗೆ ಸ್ಕ್ರೂಡ್ರೈವರ್ ಎಸೆಯಬೇಕು ಅನ್ನಿಸಿತು. ಆದರೆ ಅವರು ಆ ಖಾಲಿ ಗೆರೆಯನ್ನೇ ಬೆರಳಲ್ಲಿ ಹಿಂದಕ್ಕೆ ಎಳೀತಾ ಕೂತಿದ್ದರು. ಎಂಥ ಸುಟ್ಟ ಮೋಟಾರ್ ಬಿಚ್ಚಿದಾಗಲೂ ಅವರು ಹೀಗೆ ಸೋತಿದ್ದು ನಾನು ಕಂಡಿರಲಿಲ್ಲ.

ಡಾಕ್ಟರಿಗೆ ಫೋನ್ ಮಾಡಿದೆ. ಅವರು ಬೈಯಲಿಲ್ಲ, ಬೈದಿದ್ದರೆ ವಾಸಿ ಇತ್ತು. "ಎದೆಗೆ ಅಂಟಿಸಿ ಒಂದು ದಿನ ಪೂರ್ತಿ ಬಡಿತ ಹಿಡಿಯೋ ಮೆಷಿನ್ನಿಗೆ ಬರೆದುಕೊಡ್ತೀನಿ. ಆದ್ರೆ ಅದು ಕಟ್ಟಿದ ದಿನವೇ ತಲೆ ತಿರುಗಬೇಕಲ್ಲಮ್ಮ. ಅಲ್ಲೀತನಕ ಬ್ಯಾಂಡ್ ತೆಗೀಬೇಡಿ, ಒಬ್ಬರನ್ನೇ ಬಿಡಬೇಡಿ," ಅಂದರು.

ಸ್ಪೀಕರ್ ಹಾಕಿದ್ದೆ, ಅತ್ತೆಗೂ ಕೇಳಿಸಿತ್ತು.

"ಅಂದ್ರೆ ನಾನು ಇನ್ನೊಂದು ಸಲ ಬೀಳ್ಬೇಕು ಅನ್ನು," ಅಂದರು.

ಯಜಮಾನರು ಅವರ ಕೈ ಹಿಡ್ಕೊಂಡು ಅಮ್ಮಾ ಅಂದರು. "ಬಿಡೋ, ಬಟನ್ ಒತ್ತಿದೋಳು ನಾನೂ ಹೌದು," ಅಂತ ಅತ್ತೆಯೇ ಅವರ ತಲೆ ಸವರಿದರು.

ಸಂಜೆ ಅತ್ತೆ ಮುಖ ತೊಳೆಯೋಕೆ ಬಚ್ಚಲಿಗೆ ಹೋದರು. ಚಿಲಕ ಹಾಕಬೇಡಿ ಅಂದಿದ್ದೆವು. ನಾವಿಬ್ಬರೂ ಬಾಗಿಲ ಹೊರಗೆ ನಿಂತೆವು. ಯಜಮಾನರು ಫೋನ್ ಹಿಡಿದಿದ್ದರು, ಒಳಗಿರೋ ಅತ್ತೆಯ ನಾಡಿ ಬಡಿತ ಪರದೆ ಮೇಲೆ ಏರ್ತಾ ಇಳೀತಾ ಇತ್ತು. ಕೆಳಗೆ ಅದೇ ಕಡ್ಡಿ ಅಕ್ಷರ. ಬೀಳದಿರಲಿ ಅಂತ ನನ್ನ ಮನಸ್ಸು ಬೇಡಿಕೊಳ್ತಿತ್ತು. ಬೀಳೋದೇ ಆದರೆ ಈಗಲೇ, ಗ್ರಾಫೂ ಸಿಗೋ ಹಾಗೆ, ನಾವು ಹಿಡಿಯೋ ಹಾಗೆ ಬೀಳಲಿ ಅಂತ ಅದೇ ಮನಸ್ಸು ಅಂದುಕೊಳ್ತು. ಥೂ, ನನಗೇ ಹೇಸಿಗೆ ಆಯಿತು. ಯಜಮಾನರ ಮುಖ ನೋಡಿದೆ. ಅವರು ಥಟ್ಟನೆ ಮುಖ ತಿರುಗಿಸಿಕೊಂಡರು.