ಎಂಟು ಲಕ್ಷಕ್ಕೆ ಇಳಿಸಿದ ಕಾರು

ಸಂಜೆ ಆರಕ್ಕೆ ಹುಬ್ಬಳ್ಳಿಯ ಶೋರೂಮಿನಲ್ಲಿ ಪರಪ್ಪನ ಹೊಸ ಕಾರಿನ ಆನ್‌ರೋಡ್ ಬೆಲೆ ಎಂಟು ಲಕ್ಷವನ್ನು ತುಸು ದಾಟಿತ್ತು.

"ಎಂಟರ ಮ್ಯಾಲ ಒಂದ್ ರೂಪಾಯಿ ಕೊಡಂಗಿಲ್ಲ, ತಮ್ಮಾ."

ಶೋರೂಮ್ ಬೆಲೆ, ರಸ್ತೆ ತೆರಿಗೆ, ನೋಂದಣಿ ಶುಲ್ಕ ಇಳಿಸುವುದು ಮಾರಾಟಗಾರ ಇರ್ಫಾನನ ಕೈಲಿರಲಿಲ್ಲ. ಸೀಟ್ ಕವರ್ ಬಿಡಲು ಪರಪ್ಪನ ಹೆಂಡತಿ ನೀಲವ್ವ ಒಪ್ಪಲಿಲ್ಲ. ಉಳಿದದ್ದು ವಿಮೆ. ಕಾರು ಓಡಿಸುವಾಗ ಮಾಲೀಕ ಸತ್ತರೆ ಮನೆಯವರಿಗೆ ಹದಿನೈದು ಲಕ್ಷ ಕೊಡುವ ಭಾಗವೊಂದು ಅದರಲ್ಲಿತ್ತು. ಅಂಥದೇ ಬೇರೆ ಪಾಲಿಸಿ ಇದ್ದವರು ಮಾತ್ರ ಅದನ್ನು ಬಿಡಬಹುದು.

"ಬ್ಯಾರೆ ಪಾಲಿಸಿ ಐತೇನ್ರಿ ಕಾಕಾ?"

"ಇಲ್ಲ. ಐತಿ ಅಂತ ಬರಕೋ. ನಾ ಏನ್ ಸಾಯಾಕ ಕಾರ್ ತಗೊಳ್ಳಾಕತ್ತೀನೇನು?"

ನೀಲವ್ವ ನಗಲಿಲ್ಲ. ತಿಂಗಳ ಕೊನೆಯ ಗಿರಾಕಿ ಕೈತಪ್ಪೀತೆಂದು ಇರ್ಫಾನ್ 'ಇದೆ' ಎಂದು ಬರೆದುಕೊಂಡ. ಪರಪ್ಪ ಸಹಿ ಹಾಕಿದ.

ಶ್ರಾವಣದಲ್ಲಿ ನೀಲವ್ವ ಒಬ್ಬಳೇ ಶೋರೂಮಿಗೆ ಬಂದು ಆ ಹದಿನೈದು ಲಕ್ಷ ಕೇಳಿದಳು.