ಅಣ್ಣ ಕಳಿಸಿದ ಊಟ

ಆಸ್ಪತ್ರೆಯ ನರ್ಸ್ ಮಧ್ಯಾಹ್ನದ ಊಟವನ್ನು ಯಾವಾಗಲೂ ತನ್ನ ಅಣ್ಣ ಊಟ ಮಾರಲು ನಡೆಸುತ್ತಿದ್ದ ಅಡುಗೆಮನೆಯಿಂದಲೇ ಡೆಲಿವರಿ ಆ್ಯಪ್‌ನಲ್ಲಿ ತರಿಸುತ್ತಿದ್ದಳು. ಅಂದು ತರಕಾರಿ ಪಲ್ಯದ ಬದಲು ಕೋಳಿ ಸಾರು ಬಂತು. ಅದೂ ತಣ್ಣಗಿತ್ತು, ಹುಳಿ ವಾಸನೆ ಹೊಡೆಯುತ್ತಿತ್ತು. ಚಮಚದಲ್ಲಿ ಕಲಕಿದರೆ ಒಂದು ಜಿರಳೆ ಮೇಲೆ ಬಂತು.

ಫೋನ್ ಮಾಡಿದಾಗ ಅತ್ತಿಗೆ ಎತ್ತಿದಳು. "ಎಲ್ಲಾ ಡೆಲಿವರಿಯವನ ತಪ್ಪು ಕಣೇ."

"ಜಿರಳೆನೂ ಅವನೇ ಹಾಕಿದ್ನಾ ಅತ್ತಿಗೆ?"

ಅತ್ತಿಗೆ ಫೋನ್ ಇಟ್ಟಳು.

ಕೆಲಸ ಮುಗಿಸಿ ನರ್ಸ್ ಆ ಅಡುಗೆಮನೆಗೇ ಹೋದಳು. ಮೋರಿಯ ಪಕ್ಕ ಮುಚ್ಚಳವಿಲ್ಲದ ಪಾತ್ರೆಗಳಿದ್ದವು. ಅಣ್ಣ ನಿನ್ನೆಯ ಸಾರನ್ನು ಹೊಸದಕ್ಕೆ ಸುರಿಯುತ್ತಿದ್ದ.

"ಮನೆ ಮಗಳಲ್ವಾ, ಬಾಯಿ ಬಿಡ್ಬೇಡ" ಎಂದ.

ಅವಳು ತಿಳಿಸಿದಾಗ ಆ್ಯಪ್‌ನವರು ಹಣ ವಾಪಸ್ ಕೊಟ್ಟು ಕೈತೊಳೆದುಕೊಂಡರು. ಅಡುಗೆಮನೆಯನ್ನು ಪರಿಶೀಲಿಸುವವರು ಆಹಾರ ಸುರಕ್ಷತಾ ಇಲಾಖೆಯವರು ಎಂದು ಅವಳಿಗೆ ಗೊತ್ತಿತ್ತು. ಉಳಿದ ಊಟವನ್ನು ಮುಚ್ಚಿ ಫ್ರಿಜ್‌ನಲ್ಲಿಟ್ಟಿದ್ದಳು. ಅದರ ಫೋಟೋ, ಆರ್ಡರ್ ಸಂಖ್ಯೆ, ಬಿಲ್ಲಿನ ಮೇಲಿದ್ದ ಲೈಸೆನ್ಸ್ ಸಂಖ್ಯೆ, ಅಡುಗೆಮನೆಯ ವಿಳಾಸ ಎಲ್ಲವನ್ನೂ ಸೇರಿಸಿ ದೂರು ಕಳಿಸಿದಳು.

ಇನ್‌ಸ್ಪೆಕ್ಟರ್ ಬಂದು ನೋಡಿದರು, ಸಾರಿನ ಮಾದರಿ ಒಯ್ದರು. ಎಲ್ಲ ಸರಿಪಡಿಸುವವರೆಗೆ ಅಡುಗೆ ನಿಲ್ಲಿಸಲು ಆದೇಶಿಸಿದರು. ಅಣ್ಣ ನೆಂಟರಿಗೆಲ್ಲ ಫೋನ್ ಮಾಡಿ, ಒಡಹುಟ್ಟಿದವಳೇ ಬೆನ್ನಿಗೆ ಚೂರಿ ಹಾಕಿದಳು ಎಂದ.

ಅಮ್ಮನೂ ಕೇಳಿದಳು: "ಅವನು ನಿನ್ನ ಎತ್ತಿ ಆಡಿಸಿದವನು. ಹೀಗೆ ಮಾಡ್ಬಹುದಾ?"

"ಆರ್ಡರ್ ಮೇಲೆ ನನ್ನ ಹೆಸರಿತ್ತು ಅಮ್ಮ" ಎಂದಳು ಅವಳು. "ನಂಗೇ ಅಂತ ಗೊತ್ತಿದ್ದೂ ಕಳಿಸಿದ."