ಲಿಂಕಿನ ಬಾಲ

ಚಪ್ಪಲಿ ಕಂಪನಿಯ ಆಫೀಸಿನಲ್ಲಿ ಅವಳಿಗೆ ಎಲ್ಲರೂ ಇಟ್ಟ ಹೆಸರು ಕತ್ತರಿ. ಯಾರಾದರೂ ಗ್ರೂಪಿಗೆ ಉದ್ದನೆಯ ಲಿಂಕ್ ಹಾಕಿದರೆ ಅವಳಿಗೆ ಕೈ ಸುಮ್ಮನಿರುತ್ತಿರಲಿಲ್ಲ. ಪ್ರಶ್ನಾರ್ಥಕ ಚಿಹ್ನೆಯ ಆಚೆ ಜೋತಾಡುವ ಬಾಲವನ್ನು ಕತ್ತರಿಸಿ, ಪುಟ ಸರಿಯಾಗಿ ತೆರೆಯುತ್ತದೆಯೇ ಎಂದು ನೋಡಿ, ಮತ್ತೆ ಹಾಕುತ್ತಿದ್ದಳು. ಕೆಲವು ಸೈಟುಗಳಲ್ಲಿ ಆ ಬಾಲದೊಳಗೇ ಪುಟದ ಗುರುತೂ ಇರುತ್ತದೆ, ಪೂರ್ತಿ ಕತ್ತರಿಸಿದರೆ ಏನೂ ತೆರೆಯದು. ಎಲ್ಲಿ ಕತ್ತರಿಸಬೇಕು, ಎಲ್ಲಿ ಬಿಡಬೇಕು ಎನ್ನುವುದು ಅವಳಿಗೆ ಕರತಲಾಮಲಕ. ಯಾಕೆಂದರೆ ಬಾಲ ಕಟ್ಟುವ ಕೆಲಸವೂ ಅವಳದ್ದೇ. ಗಿರಾಕಿಗಳಿಗೆ ಹೋಗುವ ಪ್ರತಿ ಇಮೇಲಿನ ಲಿಂಕಿಗೂ ಅದು ಯಾವ ಜಾಹೀರಾತಿನಿಂದ ಬಂತು, ಯಾರಿಗೆ ಕಳಿಸಿದ್ದು ಎಂಬ ಗುರುತು ಅಂಟಿಸುವವಳು ಅವಳು.

"ಬೇರೆಯವರ ಲಿಂಕ್ ಹಾಗೇ ಮುಂದಕ್ಕೆ ಕಳಿಸ್ಬೇಡ್ರಪ್ಪಾ, ಅವರ ಚೀಟಿ ನಿಮ್ಮ ಬೆನ್ನಿಗೆ ಅಂಟ್ಕೊಂಡು ಬರುತ್ತೆ," ಅಂತ ಹೇಳಿ ಹೇಳಿ ಅವಳಿಗೆ ಸಾಕಾಗಿತ್ತು. ಗಂಡನಿಗೂ ಹೇಳಿದ್ದಳು. ಅವನು ಫಿಸಿಯೊಥೆರಪಿಸ್ಟ್. ಜನರ ಮಂಡಿ, ಭುಜಗಳ ಮಾತು ಕೇಳುವಷ್ಟು ಗಮನವಿಟ್ಟು ಹೆಂಡತಿಯ ಮಾತು ಕೇಳುವ ಅಭ್ಯಾಸ ಅವನಿಗಿರಲಿಲ್ಲ.

ಆದರೂ ಒಂದು ವಿಷಯದಲ್ಲಿ ಅವನ ಮೇಲೆ ಅವಳಿಗೆ ಹೆಮ್ಮೆ. ಇತ್ತೀಚೆಗೆ ಅವನು ದಿನಾ ಮಧ್ಯಾಹ್ನ ಏನಾದರೊಂದು ಕಳಿಸುತ್ತಿದ್ದ. ಯಾರೋ ಅಜ್ಜಿ ಮಣೆಯ ಮೇಲೆ ಕೂತು ಹಾಡಿದ ಹಳೆಯ ಹಾಡು, ಕಸೂತಿಯಲ್ಲಿ ಅವಳಿಗೆ ಎಂದೂ ಬಾರದ ಗಂಟು ಹಾಕುವ ಬಗೆ, ಚಿಕ್ಕಂದಿನಲ್ಲಿ ಅವಳು ಆಸೆಪಟ್ಟಿದ್ದಂಥ ಮರದ ಗೊಂಬೆ ಮಾಡುವವರ ಅಂಗಡಿ. ನನ್ನ ಮನಸ್ಸು ಇವರಿಗೆ ಈಗ ಗೊತ್ತಾಗುತ್ತಿದೆ ಎಂದು ಅವಳು ಒಳಗೊಳಗೇ ಉಬ್ಬಿದ್ದಳು. ಎಂದಿನಂತೆ ಬಾಲ ಕತ್ತರಿಸಿಯೇ ತೆರೆಯುತ್ತಿದ್ದಳು.

ಆ ದಿನ ಲಿಫ್ಟಿನಲ್ಲಿ ಒಂದು ಕೈಯಲ್ಲಿ ಮಾದರಿ ಚಪ್ಪಲಿಗಳ ಡಬ್ಬ. ಗಂಡನ ಲಿಂಕ್ ಬಂತು, ಹೆಬ್ಬೆರಳಿನಿಂದ ಹಾಗೇ ಒತ್ತಿದಳು. ಹಾಡು ಶುರುವಾಗುವ ಮೊದಲು ಮೇಲೊಂದು ಸಾಲು ಮೂಡಿತು: 'ನೀಲಿ ಕೊಡೆ ನಿಮ್ಮೊಂದಿಗೆ ಹಂಚಿಕೊಂಡಿದ್ದಾರೆ.'

ಅದು ಗಂಡನ ಖಾತೆಯ ಹೆಸರಲ್ಲ. ನೀಲಿ ಕೊಡೆ ಎಂಬ ಯಾರೋ ಈ ಲಿಂಕನ್ನು ಮೊದಲು ಅವನಿಗೆ ಕಳಿಸಿದ್ದಾರೆ, ಅವನು ಬಾಲ ಸಮೇತ ಅವಳಿಗೆ ದಾಟಿಸಿದ್ದಾನೆ. ಲಿಂಕಿನ ಕೊನೆಯಲ್ಲಿದ್ದ ಅರ್ಥವಿಲ್ಲದ ಅಕ್ಷರಗಳ ಸಾಲು ಆ ಖಾತೆಯ ಚೀಟಿ. ಸೀಟಿಗೆ ಬಂದವಳೇ ಹಳೆಯ ಲಿಂಕುಗಳನ್ನೆಲ್ಲ ಕತ್ತರಿಸದೆ ಒಂದೊಂದಾಗಿ ತೆರೆದಳು. ಹಾಡಿದ್ದ ಆ್ಯಪಿನ ವಿಡಿಯೊಗಳಲ್ಲಿ ಒಂದನ್ನು ಬಿಟ್ಟರೆ ಎಲ್ಲದರಲ್ಲೂ ಅದೇ ನೀಲಿ ಕೊಡೆ. ಖಾತೆಗೆ ಬೀಗ. ಕಾಣುವುದು ಬಿಚ್ಚಿದ ಕೊಡೆಯ ಚಿತ್ರವೊಂದೇ.

ರಾತ್ರಿ ಊಟಕ್ಕೆ ಕೂತಾಗ ಏನೂ ಅರಿಯದವಳಂತೆ ಕೇಳಿದಳು. "ಆ ಹಾಡು ಎಲ್ಲಿ ಸಿಕ್ತು ನಿಮಗೆ?"

"ಹಾಗೇ... ಕಣ್ಣಿಗೆ ಬಿತ್ತು." ಅವನು ತಟ್ಟೆಯಿಂದ ತಲೆ ಎತ್ತಲಿಲ್ಲ.

ಯಾರಿರಬಹುದು? ಬೆನ್ನುನೋವಿಗೆಂದು ಬರುವ ಆ ಎತ್ತರದ ನೃತ್ಯದ ಟೀಚರೇ? ಅವನು ನಗುವಾಗ, ಫೋನ್ ನೋಡುವಾಗ, ಅಂಗಿಯ ಗುಂಡಿ ಹಾಕುವಾಗ, ಎಲ್ಲದರಲ್ಲೂ ಅವಳಿಗೆ ಆ ಕೊಡೆಯ ನೆರಳು ಕಾಣತೊಡಗಿತು. ಅದಕ್ಕಿಂತ ಹೆಚ್ಚು ಹೊಟ್ಟೆ ಉರಿಸುತ್ತಿದ್ದುದು ಇನ್ನೊಂದು: ಆ ಹೆಂಗಸಿನ ರುಚಿ ತನ್ನ ರುಚಿಯೇ ಆಗಿತ್ತಲ್ಲ! ತನ್ನ ಹಾಗೇ ಇರುವವಳೊಬ್ಬಳು ಸಿಕ್ಕಿದ್ದರೆ, ತಾನು ಯಾತಕ್ಕೆ ಬೇಕು?

ಮರುದಿನ ಅವಳು ಮಾಡಬಾರದ ಕೆಲಸ ಮಾಡಿದಳು. ಕಂಪನಿಯ ಹೊಸ ಕಂದುಬಣ್ಣದ ಚಪ್ಪಲಿಯ ಲಿಂಕಿಗೆ ಗಂಡನೊಬ್ಬನಿಗೇ ಸೇರಿದ ಗುರುತನ್ನು ಅಂಟಿಸಿ, 'ರೀ, ಇದು ನನಗೆ ಚೆನ್ನಾಗಿ ಕಾಣುತ್ತಾ?' ಅಂತ ಕಳಿಸಿದಳು. ಆ ಗುರುತಿನ ಲಿಂಕನ್ನು ಯಾರು ಒತ್ತಿದರೂ ಅವಳ ಪರದೆಯ ಮೇಲೆ ಕಾಣಬೇಕು.

ಮೊದಲ ಸಲ ಒತ್ತಿದ್ದು ಗಂಡನ ಫೋನು. ಸ್ವಲ್ಪ ಹೊತ್ತಿಗೆ ಇನ್ನೊಂದು ಬಂತು. ಗಂಡ ಲಿಂಕನ್ನು ಯಾರಿಗೋ ದಾಟಿಸಿದ್ದ. ಬೇರೆ ಕಂಪನಿಯ ಫೋನು, ಪರದೆ ತೋರಿಸಿದ ಅಂದಾಜಿನ ಜಾಗ ಬೇರೆ ಊರು. ಅವಳು ಉಗುರು ಕಚ್ಚುತ್ತ ಕೂತಳು. ಅಷ್ಟರಲ್ಲಿ ಅದೇ ಗುರುತಿನಡಿ ಒಂದು ಆರ್ಡರ್ ದಾಖಲಾಯಿತು. ಕೊಂಡವರು ಯಾರೆಂದು ತೆರೆದು ನೋಡುವುದು ಅವಳ ಕೆಲಸವಲ್ಲ, ನೋಡಿದ್ದು ತಿಳಿದರೆ ಮ್ಯಾನೇಜರ್ ಸುಮ್ಮನಿರುವವರೂ ಅಲ್ಲ. ಆದರೂ ತೆರೆದಳು.

ಅಲ್ಲಿದ್ದುದು ತಂಗಿಯ ಹೆಸರು.

ಮನೆಯಲ್ಲಿ ಪೀಚು ಎಂದು ಕರೆಯುತ್ತಿದ್ದ ತಂಗಿ. ಅಮ್ಮ ಕಾಯಿಲೆ ಬಿದ್ದಾಗ ಹಾಸಿಗೆಯ ಪಕ್ಕ ನಿಂತು, "ನೀನು ನೆಂಟರ ಹಾಗೆ ಬಂದು ಹೋಗ್ತೀಯ," ಎಂದು ಎಲ್ಲರೆದುರು ಅಂದವಳು. ಅಮ್ಮ ಹೋದ ಮೇಲೆ ಇಬ್ಬರಿಗೂ ಮಾತಿಲ್ಲ. ಆರ್ಡರಿನಲ್ಲಿ ಅಕ್ಕನ ಕಾಲಿನ ಅಳತೆ, ಭಾವನ ಕ್ಲಿನಿಕ್ಕಿನ ವಿಳಾಸ.

ಸಂಜೆ ನೆಟ್ಟಗೆ ಕ್ಲಿನಿಕ್ಕಿಗೆ ಹೋದಳು. ಕೊನೆಯ ಪೇಷಂಟ್ ಕುಂಟುತ್ತ ಹೊರಗೆ ಹೋದ ಕೂಡಲೇ ಬಾಗಿಲು ಹಾಕಿದಳು.

"ನೀಲಿ ಕೊಡೆ ಅಂದ್ರೆ ಪೀಚು. ಹೌದೋ ಅಲ್ವೋ?"

ಅವನು ಟವೆಲ್ ಮಡಚುತ್ತಿದ್ದವನು ಹಾಗೇ ನಿಂತ. "ನಿನಗೆ ಹೇಗೆ ಗೊತ್ತಾಯ್ತು?"

ಹೇಳಿದಳು. ಕೇಳುತ್ತ ಕೇಳುತ್ತ ಅವನ ಮುಖ ಚಿಕ್ಕದಾಯಿತು. "ಅಂದ್ರೆ ನನ್ನ ಹಿಂದೆ ಗೂಢಚಾರಿ ಬಿಟ್ಟಿದ್ದೆ. ಬಾಯಿಬಿಟ್ಟು ಕೇಳೋದಕ್ಕೆ ಏನಾಗಿತ್ತು?"

"ಕೇಳಿದ್ನಲ್ಲಾ. ಕಣ್ಣಿಗೆ ಬಿತ್ತು ಅಂದ್ರಿ."

ಅವನು ಮಸಾಜ್ ಮಂಚದ ಅಂಚಿಗೆ ಕೂತ. "ಅವಳೇ ಹೇಳ್ಬೇಡಿ ಅಂದ್ಲು. ಅಕ್ಕನಿಗೆ ಇದು ಇಷ್ಟ ಆಗುತ್ತೆ ಭಾವ, ನೀವೇ ಕಳಿಸಿದ ಹಾಗೆ ಕಳಿಸಿ, ನನ್ನ ಹೆಸರು ಬಂದ್ರೆ ಅವಳು ತೆರೆದೂ ನೋಡಲ್ಲ ಅಂದ್ಲು."

"ಆ ಹಾಡು?"

"ಅವಳದ್ದು. ನನಗೆಲ್ಲಿ ಹಾಡಿನ ಗಂಧ?"

"ಕಸೂತಿ? ಗೊಂಬೆ ಅಂಗಡಿ?"

"ಅವಳದ್ದೇ."

"ಒಂದೂ ನಿಮ್ಮದಲ್ವಾ?"

ಅವನು ತಲೆ ಕೆರೆದುಕೊಂಡ. "ಆ ಆಮೆ ಹಣ್ಣು ತಿನ್ನೋ ವಿಡಿಯೊ ನಂದು."

ಅದನ್ನು ಅವಳು ಪೂರ್ತಿ ನೋಡಿರಲೇ ಇಲ್ಲ. ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಬೇರೆ ಹೆಂಗಸಿಲ್ಲ ಎಂದು ನಿರಾಳವಾಗಬೇಕಿತ್ತು. ಆದರೆ ಹೊಟ್ಟೆಯ ಉರಿ ಆರಲಿಲ್ಲ, ಜಾಗ ಬದಲಿಸಿತು ಅಷ್ಟೆ. ಅಮ್ಮನ ಕೊನೆಯ ದಿನಗಳನ್ನು ಪಡೆದವಳು ಪೀಚು. ಈಗ ನನ್ನ ಗಂಡ ನನ್ನನ್ನು ಅರಿತಿದ್ದಾನೆ ಎಂಬ ಸುಖವೂ ಅವಳ ಕೊಡುಗೆಯೇ! ಜೊತೆಗೆ ಆ ಸಲಿಗೆಯ 'ಭಾವ' ಎಂಬ ಮಾತು ಬೇರೆ.

"ಫೋನ್ ಹಚ್ಚಿ," ಎಂದಳು.

ಅವನು ಹಚ್ಚಿ ಕೊಟ್ಟ. ಅತ್ತಲಿಂದ ಪೀಚು ನಗುತ್ತಲೇ ಎತ್ತಿದಳು. "ಹೇಳಿ ಭಾವ, ಚಪ್ಪಲಿ..."

"ನಾನು."

ಪೀಚುವಿನ ನಗು ನಿಂತಿತು. ಆಮೇಲೆ ಸಣ್ಣ ದನಿ. "ಅಕ್ಕಾ, ಬಯ್ಯೋದಾದ್ರೆ ನನಗೆ ಬಯ್ಯಿ, ಭಾವನಿಗಲ್ಲ."

"ಅವರ ಪರ ವಹಿಸ್ಕೋಬೇಡ. ಅವರು ನನ್ನ ಗಂಡ." ಅಂದ ಮೇಲೆ ಅವಳಿಗೇ ನಾಚಿಕೆಯಾಯಿತು. "ನಿನ್ನ ಆರ್ಡರ್ ನಾನು ತೆಗೆದು ನೋಡಿದೆ. ನೋಡ್ಬಾರದಿತ್ತು."

"ನೋಡದೆ ಇದ್ದಿದ್ರೆ ಮಾತಾಡ್ತಿದ್ಯಾ?"

"ಇಲ್ಲ."

"ಅಮ್ಮನ ಎದುರು ನಿನಗೆ ಹಾಗೆ ಅಂದಿದ್ದು ತಪ್ಪು ಅಕ್ಕಾ. ಆದ್ರೆ ನೀನು ಬಂದಾಗೆಲ್ಲ ಅಮ್ಮ ಎದ್ದು ಕೂತ್ಕೋತಿದ್ಲು, ತಲೆ ಬಾಚಿಸ್ಕೋತಿದ್ಲು. ಇಡೀ ದಿನ ಇರೋ ನನಗೆ ಬರೀ ಗೊಣಗಾಟ. ಹೊಟ್ಟೆ ಉರೀತಿತ್ತು."

ಅಕ್ಕ ಮಸಾಜ್ ಮಂಚದ ಮೇಲೆ ಗಂಡನ ಪಕ್ಕ ಕೂತಳು. ತನ್ನ ಮೇಲೆಯೂ ಯಾರಾದರೂ ಅಸೂಯೆಪಟ್ಟಾರು ಎಂದು ಅವಳಿಗೆ ಹೊಳೆದಿರಲೇ ಇಲ್ಲ.

"ನನಗೂ," ಎಂದಳು. ಅದಕ್ಕಿಂತ ಹೆಚ್ಚಿಗೆ ಹೇಳಲು ಆ ದಿನ ಆಗಲಿಲ್ಲ. ಮುಂದೆ ಹೇಳಿದಳು, ಸ್ವಲ್ಪ ಸ್ವಲ್ಪವಾಗಿ, ನಡುನಡುವೆ ಜಗಳವಾಡುತ್ತ. ಗಂಡನೊಂದಿಗೂ ಲೆಕ್ಕ ಚುಕ್ತಾ ಆಗಲು ಸಮಯ ಹಿಡಿಯಿತು. ಅವಳು ಕಳಿಸಿದ ಲಿಂಕನ್ನು ತೆರೆಯುವ ಮೊದಲು ಅವನು ಈಗ ಅನುಮಾನದಿಂದ ಕಣ್ಣು ಕಿರಿದು ಮಾಡುತ್ತಾನೆ. ಬಾಲ ಕತ್ತರಿಸಲು ಮಾತ್ರ ಕಲಿತಿಲ್ಲ.

ಚಪ್ಪಲಿ ಬಂದ ದಿನ ಅವಳು ಹಾಕಿಕೊಂಡು ಮನೆಯೆಲ್ಲ ಓಡಾಡಿದಳು. ಹೇಳಿ ಮಾಡಿಸಿದ ಹಾಗಿತ್ತು. ಪೀಚುವಿಗೊಂದು ಮಾತು ಅನ್ನಲಿಕ್ಕೆ ಎಲ್ಲಾದರೂ ಒಂದು ಚೂರು ಕಚ್ಚಬಾರದಿತ್ತೇ ಎನ್ನಿಸಿತು ಅವಳಿಗೆ.